ಕ್ರಿಯಾಪದಕ್ಕೆ ಉಸಿರು ಉಳಿಯಬೇಕು

ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗುತ್ತಿದೆ, ಅದರ ಹಿನ್ನೆಲೆ ದನಿಗೆ ಬರೆದ ಸ್ಕ್ರಿಪ್ಟು ಹೀಗೆ ಶುರುವಾಗುತ್ತದೆ ಎಂದುಕೊಳ್ಳೋಣ:

“ಕಾವೇರಿ ನದಿಯ ಶಿವನಸಮುದ್ರ ಜಲಪಾತದಲ್ಲಿ ಮೈಸೂರು ಸರ್ಕಾರವು 1902ರಲ್ಲಿ ಸ್ಥಾಪಿಸಿದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರ್ ದೂರದಲ್ಲಿರುವ ಕೋಲಾರದ ಚಿನ್ನದ ಗಣಿಗಳಿಗೆ ಪೂರೈಸಲಾಗುತ್ತಿದ್ದ ವಿದ್ಯುತ್ ಮೂರು ವರ್ಷಗಳ ನಂತರ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು.”

ವ್ಯಾಕರಣದಲ್ಲಿ ತಪ್ಪಿಲ್ಲ. ವಿಷಯದಲ್ಲೂ ತಪ್ಪಿಲ್ಲ. ಪತ್ರಿಕೆಯಲ್ಲಿ ಅಚ್ಚಾದರೆ ಓದುಗರು ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಆದರೆ ಇದನ್ನೇ ಮೈಕಿನ ಮುಂದೆ ನಿಂತು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. “ಸ್ಥಾಪಿಸಿದ” ಅನ್ನುವಷ್ಟರಲ್ಲಿ ಎದೆ ಬರಿದಾಗಿರುತ್ತದೆ. ಅಲ್ಲಿ ಗಬಕ್ಕನೆ ಒಂದು ಉಸಿರು ಎಳೆದುಕೊಂಡು “ಜಲವಿದ್ಯುತ್ ಕೇಂದ್ರದಿಂದ” ಎಂದು ಮುಂದುವರಿಸುತ್ತೀರಿ. “ದೂರದಲ್ಲಿರುವ” ಹತ್ತಿರ ಮತ್ತೆ ಅದೇ ಪಾಡು. ಕೊನೆಗೆ “ಬೆಳಗಿಸಿತು” ಎಂಬ ಮಾತು ಗಂಟಲಿನಿಂದ ಹೊರಬರುವಾಗ ಅದರಲ್ಲಿ ಬೆಳಕೇ ಇರುವುದಿಲ್ಲ.

ಕಲಾವಿದರ ದನಿ ಎಷ್ಟೇ ಚೆನ್ನಾಗಿದ್ದರೂ ಈ ಸಾಲು ಅವರನ್ನು ಸೋಲಿಸುತ್ತದೆ. ರೆಕಾರ್ಡಿಂಗ್ ಮುಗಿದ ಮೇಲೆ ನಿರ್ದೇಶಕರು “ಯಾಕೋ ಓದಿದ ಹಾಗಿದೆ, ಮಾತಾಡಿದ ಹಾಗಿಲ್ಲ” ಎನ್ನುತ್ತಾರೆ, ಇನ್ನೊಂದು ಟೇಕ್ ಕೇಳುತ್ತಾರೆ, ಮತ್ತೊಂದು ಕೇಳುತ್ತಾರೆ. ತೊಂದರೆ ಇರುವುದು ದನಿಯಲ್ಲಲ್ಲ. ಬರೆದ ಸಾಲಿನ ಉದ್ದ ಒಂದು, ಆಡುವ ಉಸಿರಿನ ಉದ್ದ ಇನ್ನೊಂದು. ಎರಡೂ ಹೊಂದದಿದ್ದರೆ ಹತ್ತನೇ ಟೇಕೂ ಮೊದಲನೆಯದರ ಹಾಗೇ ಇರುತ್ತದೆ.

ಮೊದಲು ಉಸಿರಿನ ಲೆಕ್ಕ ನೋಡೋಣ. ಸುಮ್ಮನೆ ಕುಳಿತಿದ್ದಾಗ ನಾವು ಉಸಿರನ್ನು ಒಳಗೆ ಎಳೆಯುವ ಹೊತ್ತಿಗೂ ಹೊರಗೆ ಬಿಡುವ ಹೊತ್ತಿಗೂ ಬಹಳ ಅಂತರವಿಲ್ಲ. ಮಾತಾಡಲು ಶುರುಮಾಡಿದ ಕೂಡಲೇ ಇದು ಬದಲಾಗುತ್ತದೆ. ಅರ್ಧ ಸೆಕೆಂಡಿನಷ್ಟರಲ್ಲಿ ಸರಕ್ಕನೆ ಎಳೆದುಕೊಂಡು, ಅದನ್ನು ಹಲವು ಸೆಕೆಂಡು ಹಿಡಿದು ಹಿಡಿದು ಬಿಡುತ್ತೇವೆ. ಸಾಮಾನ್ಯ ಮಾತುಕತೆಯಲ್ಲಿ ಮೂರರಿಂದ ಐದು ಸೆಕೆಂಡಿಗೊಮ್ಮೆ ಉಸಿರು ತೆಗೆದುಕೊಳ್ಳುವುದು ವಾಡಿಕೆ. ಇನ್ನೂ ಹೆಚ್ಚು ಹೊತ್ತು ಎಳೆಯಲು ಆಗುವುದಿಲ್ಲ ಎಂದಲ್ಲ. ಆದರೆ ತುಂಬಿದ ಎದೆ ತನ್ನಷ್ಟಕ್ಕೆ ತಾನೇ ಸಡಿಲವಾಗಿ ಇಳಿಯುವ ಹಂತವೊಂದಿದೆ. ಅಲ್ಲಿಯವರೆಗೆ ಗಾಳಿ ತಾನಾಗಿ ಬರುತ್ತದೆ. ಅದನ್ನು ದಾಟಿದರೆ ಹೊಟ್ಟೆಯ ಮತ್ತು ಪಕ್ಕೆಲುಬಿನ ಸ್ನಾಯುಗಳನ್ನು ಹಿಂಡಿ ಗಾಳಿಯನ್ನು ತಳ್ಳಬೇಕು. ಆಗ ಗಂಟಲು ಬಿಗಿಯುತ್ತದೆ, ದನಿ ಸಣ್ಣದಾಗುತ್ತದೆ, ಮಾತಿನ ವೇಗ ತಾನಾಗಿ ಏರುತ್ತದೆ. ಕೇಳುಗರಿಗೆ ಇದರ ಕಾರಣ ಗೊತ್ತಿರುವುದಿಲ್ಲ, ಆದರೆ ಕೇಳುತ್ತಾ ಅವರಿಗೂ ಉಸಿರು ಕಟ್ಟಿದಂತಾಗುತ್ತದೆ.

ನಿರೂಪಣೆಯ ಹದದಲ್ಲಿ ಕನ್ನಡ ಓದುವಾಗ ಸೆಕೆಂಡಿಗೆ ಐದರಿಂದ ಆರು ಅಕ್ಷರ ಸಾಗುತ್ತದೆ ಎಂದು ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ. ನಾಲ್ಕೈದು ಸೆಕೆಂಡಿನ ಒಂದು ಉಸಿರಿಗೆ ಇಪ್ಪತ್ತರಿಂದ ಇಪ್ಪತ್ತೈದು ಅಕ್ಷರ. ಇದು ಎಲ್ಲರಿಗೂ ಒಂದೇ ಆಗಿರಬೇಕಿಲ್ಲ. ನಿಮ್ಮ ಕಲಾವಿದರಿಗೆ ಎಷ್ಟು ಎಂಬುದನ್ನು ಮೊಬೈಲಿನಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಎಣಿಸಿಕೊಳ್ಳಬಹುದು. ಇಲ್ಲಿ ಅಕ್ಷರ ಎಂದರೆ ಉಚ್ಚಾರವಾಗುವ ಅಕ್ಷರ. ಮೇಲಿನ ವಾಕ್ಯದಲ್ಲಿ ಅಂಥವು ಸುಮಾರು ನೂರಮೂವತ್ತು ಇವೆ. ಅಂದರೆ ಐದಾರು ಉಸಿರಿನ ಸರಕನ್ನು ಒಂದೇ ವಾಕ್ಯಕ್ಕೆ ತುಂಬಲಾಗಿದೆ, ಮತ್ತು ಅಷ್ಟಕ್ಕೂ ಸೇರಿ ಇರುವ ಪೂರ್ಣ ಕ್ರಿಯಾಪದ ಒಂದೇ ಒಂದು. ಅದೂ ತುತ್ತತುದಿಯಲ್ಲಿ.

ಕನ್ನಡದ ಮಟ್ಟಿಗೆ ಇದೇ ನಿಜವಾದ ಪೇಚು. ನಮ್ಮ ಭಾಷೆಯಲ್ಲಿ ವಾಕ್ಯದ ತೀರ್ಮಾನವೆಲ್ಲ ಕೊನೆಯಲ್ಲಿ ಇರುತ್ತದೆ. ಬರುವವನು ಗಂಡಸೋ ಹೆಂಗಸೋ ಎಂಬುದು “ಬರುತ್ತಾನೆ”, “ಬರುತ್ತಾಳೆ” ಎಂಬಲ್ಲಿನ ಕಡೆಯ ಅಕ್ಷರದಲ್ಲಿದೆ. ಒಂದೋ ಹಲವೋ ಎಂಬುದು “ಹರಿಯುತ್ತದೆ”, “ಹರಿಯುತ್ತವೆ” ಎಂಬಲ್ಲಿನ ಕಡೆಯ ಅಕ್ಷರದಲ್ಲಿದೆ. ಹೌದೋ ಅಲ್ಲವೋ ಎಂಬುದೂ ಅಲ್ಲೇ: “ಈ ಕೆರೆಯ ನೀರನ್ನು ಊರಿನವರು ಕುಡಿಯಲು ಬಳಸುವು…” ಎಂಬಲ್ಲಿಯವರೆಗೆ ಕೇಳಿದವರಿಗೆ ಮುಂದೆ “ದುಂಟು” ಬರುತ್ತದೋ “ದಿಲ್ಲ” ಬರುತ್ತದೋ ತಿಳಿಯುವ ದಾರಿ ಇಲ್ಲ. ಉಸಿರಾದರೋ ಶುರುವಿನಲ್ಲಿ ತುಂಬಿದ್ದು ಕೊನೆಗೆ ಬರುಬರುತ್ತಾ ಸೊರಗುತ್ತದೆ, ಜೊತೆಗೆ ಶ್ರುತಿಯೂ ಇಳಿಯುತ್ತದೆ. ಭಾಷೆ ತನ್ನ ಭಾರವನ್ನು ಇಟ್ಟ ಜಾಗವೂ ಉಸಿರು ತೀರಾ ದುರ್ಬಲವಾಗುವ ಜಾಗವೂ ಒಂದೇ ಆಗಿಬಿಟ್ಟಿದೆ. ಮಾತಿಗೆ ಬರೆಯುವವರು ಮಾಡಬೇಕಾದ ಕೆಲಸದ ಬಹುಪಾಲು ಇಷ್ಟೇ: ಕ್ರಿಯಾಪದ ಬರುವ ಹೊತ್ತಿಗೆ ಓದುವವರ ಎದೆಯಲ್ಲಿ ಇನ್ನೂ ಗಾಳಿ ಉಳಿದಿರುವಂತೆ ನೋಡಿಕೊಳ್ಳುವುದು.

ಇದನ್ನು ಪರೀಕ್ಷಿಸಲು ಒಂದು ಸುಲಭದ ದಾರಿ ಇದೆ. ಸಾಲನ್ನು ಒಂದೇ ಉಸಿರಿಗೆ, ಮೈಕಿನ ಮುಂದೆ ಮಾತಾಡುವ ಗಟ್ಟಿತನದಲ್ಲಿ ಓದಿ. ಮುಗಿದ ಕೂಡಲೇ, ಹೊಸ ಉಸಿರು ಎಳೆಯದೆ, “ಅಲ್ಲವೇ?” ಎಂದು ಸೇರಿಸಿ. ಅದು ಸಲೀಸಾಗಿ ಬಂದರೆ ಸಾಲು ಸರಿ ಇದೆ. ಗಂಟಲು ಹಿಂಡಿ ಹೇಳಬೇಕಾಯಿತೆಂದರೆ ಸಾಲು ನಾಲ್ಕೈದು ಅಕ್ಷರ ಉದ್ದವಾಗಿದೆ. ಮೇಜಿನ ಮುಂದೆ ಪಿಸುದನಿಯಲ್ಲಿ ಓದಿ ಪರೀಕ್ಷಿಸಿದರೆ ಲೆಕ್ಕ ತಪ್ಪುತ್ತದೆ. ಪಿಸುದನಿಯ ಓಟ ಬೇರೆ, ದನಿ ಎತ್ತಿ ಆಡುವಾಗಿನ ಓಟ ಬೇರೆ. ಮನಸ್ಸಿನಲ್ಲೇ ಓದಿಕೊಂಡರಂತೂ ಯಾವ ವಾಕ್ಯವೂ ಉದ್ದ ಅನ್ನಿಸುವುದಿಲ್ಲ.

ಇನ್ನು ಶಿವನಸಮುದ್ರಕ್ಕೆ ಮರಳೋಣ. ಆ ವಾಕ್ಯವನ್ನು ಬಿಡಿಸುವಾಗ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅಂಕಿಗಳು. ಕಾಗದದ ಮೇಲೆ 1902 ಎಂಬುದು ನಾಲ್ಕೇ ಅಂಕೆ. ಬಾಯಲ್ಲಿ ಅದು “ಸಾವಿರದ ಒಂಬೈನೂರ ಎರಡರಲ್ಲಿ”, ಹದಿಮೂರು ಅಕ್ಷರ, ಅರ್ಧ ಉಸಿರು. 1905 ಬಂದರೆ ಇನ್ನರ್ಧ ಉಸಿರು. ಒಂದೇ ವಾಕ್ಯದಲ್ಲಿ ಎರಡು ಇಸವಿ ಇಟ್ಟವರು ತಮಗೆ ಗೊತ್ತಿಲ್ಲದೆ ಒಂದು ಇಡೀ ಉಸಿರನ್ನು ಅಂಕಿಗಳಿಗೇ ಖರ್ಚು ಮಾಡಿರುತ್ತಾರೆ. ಅದಕ್ಕೇ ಸ್ಕ್ರಿಪ್ಟಿನಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆಯಬೇಕು. ಹಾಗೆ ಬರೆದಾಗ ಅವುಗಳ ಉದ್ದ ಕಣ್ಣಿಗೇ ಕಾಣುತ್ತದೆ. ಓದುವವರೂ “ಸಾವಿರದ ಒಂಬೈನೂರ” ಎನ್ನಬೇಕೋ “ನೈನ್‌ಟೀನ್” ಎನ್ನಬೇಕೋ ಎಂದು ಮೈಕಿನ ಮುಂದೆ ತಡವರಿಸುವುದು ತಪ್ಪುತ್ತದೆ. ಎರಡನೇ ಇಸವಿಯನ್ನು ಬಿಟ್ಟೇಬಿಡಬಹುದು, “ಮೂರು ವರ್ಷ” ಎಂಬ ಮಾತಿನಲ್ಲಿ ಅದು ಅಡಗಿದೆ. ನೂರ ನಲವತ್ತೇಳು ಕಿಲೋಮೀಟರನ್ನು ಕಿವಿ ಹಿಡಿದಿಟ್ಟುಕೊಳ್ಳುವುದಿಲ್ಲ. “ಸುಮಾರು ನೂರೈವತ್ತು” ಎಂದರೆ ಕೇಳುಗರಿಗೆ ಆ ದೂರ ದಕ್ಕುತ್ತದೆ. ಬೇಕಿದ್ದರೆ ಖಚಿತ ಅಂಕಿಯನ್ನು ತೆರೆಯ ಮೇಲೆ ಅಕ್ಷರದಲ್ಲಿ ತೋರಿಸಬಹುದು.

ಎರಡನೆಯದು, ನಾಮಪದಗಳ ಮುಂದೆ ರೈಲಿನ ಬೋಗಿಗಳಂತೆ ಜೋಡಿಸಿರುವ ಕೃದಂತಗಳು. “ಸರ್ಕಾರವು ಸ್ಥಾಪಿಸಿದ ಕೇಂದ್ರ”, “ದೂರದಲ್ಲಿರುವ ಗಣಿಗಳು”, “ಪೂರೈಸಲಾಗುತ್ತಿದ್ದ ವಿದ್ಯುತ್”. ಇವು ಒಂದೊಂದೂ ಹೂತುಹೋದ ಒಂದೊಂದು ವಾಕ್ಯ. “ಮೈಸೂರು ಸರ್ಕಾರವು” ಎಂದು ಕೇಳಿದ ಕೂಡಲೇ ಕಿವಿ ಸರ್ಕಾರ ಏನು ಮಾಡಿತು ಎಂದು ಕಾಯಲು ಶುರುಮಾಡುತ್ತದೆ. “ಸ್ಥಾಪಿಸಿದ” ಬಂದಾಗ ಉತ್ತರ ಸಿಕ್ಕಿತು ಅನ್ನಿಸಿ, ಅಲ್ಲ, ಇನ್ನೂ ಮುಂದಿದೆ ಎಂದು ಗೊತ್ತಾಗುತ್ತದೆ. ಓದುವಾಗ ಕಣ್ಣು ಹಿಂದಕ್ಕೆ ಹೋಗಿ ನೋಡಿ ಬರುತ್ತದೆ, ಕಿವಿಗೆ ಆ ಸವಲತ್ತಿಲ್ಲ. “ಸ್ಥಾಪಿಸಿದ” ಎಂಬುದನ್ನು “ಸ್ಥಾಪಿಸಿತು” ಮಾಡಿ ಅಲ್ಲೇ ನಿಲ್ಲಿಸಿದರೆ ಹೂತ ವಾಕ್ಯ ಮೇಲೆ ಬರುತ್ತದೆ, ಅದಕ್ಕೆ ತನ್ನದೇ ಉಸಿರು ಸಿಗುತ್ತದೆ.

ಇವೆರಡನ್ನು ಮಾಡಿದ ಮೇಲೆ ಸ್ಕ್ರಿಪ್ಟು ಹೀಗಾಗುತ್ತದೆ. ಒಂದು ಸಾಲು ಒಂದು ಉಸಿರು:

ಶಿವನಸಮುದ್ರ.
ಕಾವೇರಿ ಇಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತದೆ.
ಈ ನೀರಿನ ಬಲದಿಂದ ಮೈಸೂರು ಸರ್ಕಾರ ವಿದ್ಯುತ್ ತೆಗೆಯಿತು.
ಅದು ಸಾವಿರದ ಒಂಬೈನೂರ ಎರಡನೇ ಇಸವಿ.
ಆ ವಿದ್ಯುತ್ ಮೊದಲು ಹೋದದ್ದು ಊರಿಗಲ್ಲ.
ಸುಮಾರು ನೂರೈವತ್ತು ಕಿಲೋಮೀಟರ್ ಆಚೆ, ಕೋಲಾರದ ಚಿನ್ನದ ಗಣಿಗೆ.
ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಕಾಯಬೇಕಾಯಿತು.

ಅಕ್ಷರ ಎಣಿಸಿದರೆ ಸಾಲುಗಳ ಉದ್ದ ಕ್ರಮವಾಗಿ ಆರು, ಹದಿನೇಳು, ಇಪ್ಪತ್ತು, ಹದಿನೇಳು, ಹದಿಮೂರು, ಇಪ್ಪತ್ತಮೂರು, ಇಪ್ಪತ್ತೈದು. ಒಟ್ಟು ನೂರ ಇಪ್ಪತ್ತೊಂದು. ಮೂಲ ವಾಕ್ಯಕ್ಕಿಂತ ಏಳೆಂಟು ಅಕ್ಷರ ಮಾತ್ರ ಕಡಿಮೆ. ಉಸಿರಿಗೆ ತಕ್ಕಂತೆ ಬರೆಯುವುದೆಂದರೆ ವಿಷಯವನ್ನು ಅರ್ಧ ಮಾಡುವುದು ಎಂಬ ಭಯ ಹಲವರಿಗಿದೆ. ಇಲ್ಲಿ ಎರಡನೇ ಇಸವಿ ಮತ್ತು ಕರಾರುವಾಕ್ಕಾದ ದೂರ ಬಿಟ್ಟು ಬೇರೇನೂ ಹೋಗಿಲ್ಲ. ಬದಲಿಗೆ ಗಣಿಗೆ ಮೊದಲು, ಊರಿಗೆ ಆಮೇಲೆ ಎಂಬ ಸಂಗತಿ ಈಗ ಎದ್ದು ಕಾಣುತ್ತಿದೆ. ಮೂಲ ವಾಕ್ಯದಲ್ಲೂ ಅದು ಇತ್ತು, ಆದರೆ ಕೃದಂತದೊಳಗೆ ಅಡಗಿತ್ತು.

ಐದನೇ ಸಾಲನ್ನು ಹದಿಮೂರಕ್ಕೇ ನಿಲ್ಲಿಸಿರುವುದಕ್ಕೆ ಕಾರಣವಿದೆ. “ಊರಿಗಲ್ಲ” ಎಂಬಲ್ಲಿ ಇಡೀ ಮಾತಿನ ತಿರುವು ಇದೆ. ಆ “ಅಲ್ಲ” ತೇಲಿಹೋದರೆ ಕೇಳುಗರಿಗೆ ವಿದ್ಯುತ್ ಊರಿಗೇ ಹೋಯಿತು ಎಂದು ಕೇಳಿಸಬಹುದು. ಹಾಗಾಗಿ ಅಲ್ಲಿ ಉಸಿರು ಧಾರಾಳವಾಗಿ ಉಳಿಯಬೇಕು. ನಿಷೇಧದಲ್ಲಿ ಮುಗಿಯುವ ಸಾಲುಗಳನ್ನು ನಾನು ಯಾವಾಗಲೂ ಮಿಕ್ಕವಕ್ಕಿಂತ ಗಿಡ್ಡ ಇಡುತ್ತೇನೆ.

ಕೊನೆಯ ಸಾಲು ಇಪ್ಪತ್ತೈದಕ್ಕೆ ಏರಿದೆ. ಬೇರೆ ಆರು ಸಾಲು ಚಿಕ್ಕವಾದ್ದರಿಂದ ಇದು ಉದ್ದ ಇದ್ದರೆ ಚೆಂದ. ಹೊಸದಾಗಿ ಈ ಪಾಠ ಕಲಿತವರು ಎಲ್ಲ ಸಾಲನ್ನೂ ಹದಿನೈದು ಹದಿನೈದು ಅಕ್ಷರಕ್ಕೆ ಸಮನಾಗಿ ಕತ್ತರಿಸಿಬಿಡುತ್ತಾರೆ. ಆಗ ಇನ್ನೊಂದು ರೋಗ ಶುರುವಾಗುತ್ತದೆ. ಪ್ರತಿ ಸಾಲೂ ಒಂದೇ ಎತ್ತರದಲ್ಲಿ ಎದ್ದು ಒಂದೇ ಕಡೆ ಬಿದ್ದು, ಶಾಲೆಯಲ್ಲಿ ಮಕ್ಕಳು ಪಾಠ ಒಪ್ಪಿಸುವ ರಾಗ ಬರುತ್ತದೆ. ಮನೆಯಲ್ಲಿ ಯಾರಾದರೂ ಒಂದು ಸುದ್ದಿ ಹೇಳುವಾಗ ಗಮನಿಸಿ. ಒಂದು ಉದ್ದನೆಯ ಮಾತು, ತಕ್ಷಣ ಎರಡು ಪದದ ಒಂದು ಮಾತು, ಮತ್ತೆ ನಡುತರದ್ದು. ಆ ಏರುಪೇರೇ ಸಹಜತೆ. ಇಪ್ಪತ್ತೈದು ಎಂಬುದು ಮೇಲಿನ ಗಡಿ ಅಷ್ಟೆ, ಎಲ್ಲ ಸಾಲೂ ಅಲ್ಲಿಗೆ ಮುಟ್ಟಬೇಕಾಗಿಲ್ಲ.

ಅಕ್ಷರ ಎಣಿಸುವುದು ಒರಟು ಅಳತೆ ಎಂಬುದನ್ನೂ ಹೇಳಬೇಕು. ನಮ್ಮ ಛಂದಸ್ಸಿನವರು ಇದಕ್ಕಿಂತ ಸೂಕ್ಷ್ಮ ಅಳತೆಯನ್ನು ಎಂದೋ ಕೊಟ್ಟಿದ್ದಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಸ್ವರ ಗುರು, ಸೊನ್ನೆ ಇರುವ ಅಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು. “ಮನೆಯ ಕೆಲಸ ಮುಗಿದ ಬಳಿಕ” ಎಂಬುದರಲ್ಲಿ ಹನ್ನೆರಡು ಅಕ್ಷರ, ಹನ್ನೆರಡೇ ಮಾತ್ರೆ. “ಕಾವೇರಿ ನೀರಾವರಿ ಯೋಜನೆ” ಎಂಬುದರಲ್ಲಿ ಹತ್ತೇ ಅಕ್ಷರ, ಆದರೆ ಹದಿನೈದು ಮಾತ್ರೆ. ಎಣಿಕೆಯಲ್ಲಿ ಚಿಕ್ಕದಾದ ಎರಡನೆಯದಕ್ಕೇ ಬಾಯಲ್ಲಿ ಹೆಚ್ಚು ಹೊತ್ತು ಬೇಕು. ಸಂಸ್ಕೃತದಿಂದ ಬಂದ ಆಡಳಿತದ ಮಾತುಗಳು ತುಂಬಿದ ಸಾಲುಗಳು ಉಸಿರನ್ನು ಬೇಗ ತಿಂದುಹಾಕುವುದು ಇದರಿಂದಲೇ. ಅವುಗಳ ತುಂಬ ದೀರ್ಘಗಳು, ಒತ್ತಕ್ಷರಗಳು. ಉಸಿರು ಸಾಲದಾದಾಗ ಓದುವವರು ಮೊದಲು ಕದಿಯುವುದೂ ಈ ದೀರ್ಘಗಳನ್ನೇ. “ಯೋಜನೆ” “ಯೊಜ್ನೆ” ಆಗುತ್ತದೆ, “ಅಭಿವೃದ್ಧಿ”ಯ ಒತ್ತು ಮಾಯವಾಗುತ್ತದೆ. ರೆಕಾರ್ಡಿಂಗಿನಲ್ಲಿ ಇಂಥ ಉಚ್ಚಾರ ಕೇಳಿಬಂದರೆ ಕಲಾವಿದರಿಗೆ ಉಚ್ಚಾರ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ಆ ಸಾಲಿನ ಮಾತ್ರೆ ಎಣಿಸಿ ನೋಡುವುದು ನ್ಯಾಯ.

ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದಕ್ಕೂ ಗಮಕಿಗಳ ಹತ್ತಿರ ಒಳ್ಳೆಯ ಅಭ್ಯಾಸವಿದೆ. ಕುಮಾರವ್ಯಾಸನ ಭಾರತ ಭಾಮಿನೀ ಷಟ್ಪದಿಯಲ್ಲಿದೆ. ಅದರಲ್ಲಿ ಚಿಕ್ಕ ಸಾಲಿಗೆ ಹದಿನಾಲ್ಕು ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ ಇಪ್ಪತ್ತಮೂರು. ಪದಗಳು ಸಂಧಿಯಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿದುಹೋಗುವುದು ಅಲ್ಲಿ ಸಾಮಾನ್ಯ. ಒಳ್ಳೆಯ ಗಮಕಿ ಸಾಲು ಮುಗಿಯಿತೆಂದು ನಿಲ್ಲುವುದಿಲ್ಲ. ಪದ ಬಿಡಿಸಿ, ಅರ್ಥ ಒಂದು ಘಟ್ಟಕ್ಕೆ ಬಂದಲ್ಲಿ ನಿಲ್ಲುತ್ತಾರೆ. ಗದ್ಯದ ಸ್ಕ್ರಿಪ್ಟಿಗೂ ನಿಯಮ ಅದೇ. ಅಲ್ಪವಿರಾಮ ಇದೆಯೆಂದು ಉಸಿರು ತೆಗೆದುಕೊಳ್ಳಬೇಕಾಗಿಲ್ಲ, ಇಲ್ಲವೆಂದು ಬಿಡಬೇಕಾಗಿಯೂ ಇಲ್ಲ.

ಕನ್ನಡದಲ್ಲಿ ಉಸಿರಿಗೆ ತಾನಾಗಿ ಬಾಗಿಲು ತೆರೆಯುವ ಜಾಗಗಳು ಕೆಲವಿವೆ. “ಬಂದು”, “ನೋಡಿ”, “ಕಟ್ಟಿಸಿ” ಎಂಬಂಥ ರೂಪಗಳ ನಂತರ ನಿಲ್ಲಬಹುದು. “ಬಂದರೆ”, “ಇದ್ದರೂ” ನಂತರ ನಿಲ್ಲಬಹುದು. “ಎಂದು” ಆದ ಮೇಲೆ ನಿಲ್ಲಬಹುದು. ಪಟ್ಟಿ ಹೇಳುವಾಗ “ಮತ್ತು” ಹಾಕುವುದರ ಬದಲು “ಅಕ್ಕಿಯೂ, ಬೇಳೆಯೂ, ಬೆಲ್ಲವೂ” ಎಂದರೆ ಪ್ರತಿ “ಊ”ಕಾರವೂ ಒಂದು ಮೆಟ್ಟಿಲಾಗಿ, ಬೇಕಾದರೆ ಅಲ್ಲಿ ನಿಂತು ಮುಂದಿನದಕ್ಕೆ ಹೋಗಬಹುದು. ಆದರೆ ವಿಶೇಷಣಕ್ಕೂ ಅದರ ನಾಮಪದಕ್ಕೂ ನಡುವೆ ಉಸಿರು ಬಿದ್ದರೆ ಮಾತು ಮುರಿಯುತ್ತದೆ. “ಕೋಲಾರದ” ಎಂದು ನಿಂತು “ಗಣಿ” ಎನ್ನುವುದು, “ಕಟ್ಟಿದ” ಎಂದು ನಿಂತು “ಅಣೆಕಟ್ಟು” ಎನ್ನುವುದು ಹಾಗೆ.

ಸಹಾಯಕ ಕ್ರಿಯಾಪದಗಳಲ್ಲಂತೂ ಒಂದು ತುಣುಕು ಉಸಿರು ಅರ್ಥವನ್ನೇ ಬದಲಿಸುತ್ತದೆ. “ಮಗುವನ್ನು ಕರೆದುಕೊಂಡು ಹೋಗಿ ಬಿಟ್ಟ” ಎಂಬ ಸಾಲನ್ನು ತೆಗೆದುಕೊಳ್ಳಿ. “ಹೋಗಿಬಿಟ್ಟ” ಎಂದು ಕೂಡಿಸಿ ಹೇಳಿದರೆ ಮಗುವಿನ ಜೊತೆ ಹೊರಟೇಹೋದ ಎಂದರ್ಥ, ಅದರಲ್ಲೊಂದು ವಿಷಾದವೂ ಇದೆ. “ಹೋಗಿ” ಆದ ಮೇಲೆ ಕಾಲು ಸೆಕೆಂಡು ನಿಂತು “ಬಿಟ್ಟ” ಎಂದರೆ ಶಾಲೆಗೋ ಮನೆಗೋ ತಲುಪಿಸಿ ಬಂದ ಎಂದಾಗುತ್ತದೆ. ಬರೆದವರು ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಂಡು, ಉಸಿರು ಎಲ್ಲಿ ಎಂದು ಗುರುತು ಹಾಕದಿದ್ದರೆ, ಓದುವವರು ಇನ್ನೊಂದನ್ನು ಆಡುವ ಸಂಭವ ಅರ್ಧಕ್ಕರ್ಧ. ಇಂಥಲ್ಲಿ ಸ್ಕ್ರಿಪ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಓರೆಗೀಟು ಹಾಕುವುದು ರೂಢಿ. ಒಂದು ಗೀಟು ಎಂದರೆ ಉಸಿರೆಳೆಯದ ಸಣ್ಣ ನಿಲುಗಡೆ, ಎರಡು ಗೀಟು ಎಂದರೆ ಉಸಿರು. ಕೂಡಿಸಿ ಓದಬೇಕಾದ ಪದಗಳ ಕೆಳಗೆ ಒಂದು ಬಾಗಿದ ಗೆರೆ.

ಅಚ್ಚಿನ ಕನ್ನಡದ ಇನ್ನೊಂದು ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ. ಬರೆಯುವಾಗ ನಾವು ಸಂಧಿ ಮಾಡಿ ಮಾಡಿ “ನಿರ್ಮಿಸಬೇಕಾಗಿದ್ದುದರಿಂದಲೇ” ಎಂಬಂಥ ಪದ ಕಟ್ಟುತ್ತೇವೆ. ಅದರೊಳಗೆ ಉಸಿರಿಗೆ ಸಂದೇ ಇಲ್ಲ, ನಡುವೆ ನಾಲಗೆ ತೊಡರಿದರೆ ಪದವನ್ನು ಮೊದಲಿಂದ ಹೇಳಬೇಕು. “ಕಟ್ಟಲೇ ಬೇಕಿತ್ತು. ಅದಕ್ಕೇ” ಎಂದರೆ ಬಾಯಿಗೂ ಹಗುರ, ನಡುವೆ ನಿಲ್ಲಲೂ ಬರುತ್ತದೆ. ಹಾಗೆಂದು ಎಲ್ಲವನ್ನೂ “ಮಾಡ್ತಾರೆ, ಹೋಗ್ತಾರೆ” ಎಂದು ಬದಲಿಸಬೇಕು ಎಂದಲ್ಲ. “ಮಾಡುತ್ತಾರೆ” ಎಂದೇ ಬರೆದು, ಓದುವವರು ಎಷ್ಟು ಮೆತ್ತಗೆ ಮಾಡುತ್ತಾರೋ ಅಷ್ಟು ಬಿಡುವುದು ನನಗೆ ಹಿಡಿಸಿದ ದಾರಿ. ಧಾರವಾಡದ ಕಡೆಯವರ ಓಟವೇ ಬೇರೆ, ಕುಂದಾಪುರದವರದೇ ಬೇರೆ. ಒಬ್ಬರ ಉಸಿರಿಗೆ ಹೊಂದಿಸಿದ ಸ್ಕ್ರಿಪ್ಟನ್ನು ಇನ್ನೊಬ್ಬರ ಕೈಗೆ ಕೊಡುವಾಗ ಗೀಟುಗಳನ್ನು ಅಳಿಸಿ ಹೊಸದಾಗಿ ಹಾಕಿಕೊಳ್ಳಲು ಬಿಡಬೇಕು.

ಕತ್ತರಿಸಲು ಆಗದ ಉದ್ದಗಳೂ ಇವೆ. ಗದಗದಲ್ಲಿರುವ ಒಂದು ವಿಶ್ವವಿದ್ಯಾಲಯಕ್ಕೆ ಹಿಂದೆ ಇದ್ದ ಹೆಸರು ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ. ಹೆಸರೊಂದೇ ಇಪ್ಪತ್ತನಾಲ್ಕು ಅಕ್ಷರ, ಅದರ ಬಹುಪಾಲು ಗುರು. ಇದಕ್ಕೆ “ದಲ್ಲಿ ನಡೆದ ಸಮಾರಂಭದಲ್ಲಿ” ಎಂದು ಬಾಲ ಸೇರಿಸಿದರೆ ಯಾರಿಂದಲೂ ಆಗದು. ಇಂಥ ಹೆಸರಿಗೆ ಒಂದು ಇಡೀ ಉಸಿರನ್ನು ಬರೆದುಕೊಡಬೇಕು. ಮೊದಲು “ಸಮಾರಂಭ ನಡೆದದ್ದು ಗದಗದಲ್ಲಿ” ಎಂದು ಮುಗಿಸಿ, ಮುಂದಿನ ಸಾಲಿನಲ್ಲಿ ಹೆಸರನ್ನು ಒಂಟಿಯಾಗಿ ಹೇಳಿ, ಎರಡನೇ ಸಲ ಬಂದಾಗ “ವಿಶ್ವವಿದ್ಯಾಲಯ” ಎಂದಷ್ಟೇ ಅಂದರೆ ಸಾಕು. ಕಚೇರಿಯವರು ಪೂರ್ತಿ ಹೆಸರು ಪ್ರತಿ ಸಲವೂ ಬರಬೇಕೆಂದು ಹಟ ಹಿಡಿದರೆ, ಅವರನ್ನೇ ಕೂರಿಸಿ ಗಟ್ಟಿಯಾಗಿ ಒಮ್ಮೆ ಓದಿಸುವುದು ವಾದಕ್ಕಿಂತ ಬೇಗ ಕೆಲಸ ಮಾಡುತ್ತದೆ.

ಡಬ್ಬಿಂಗಿನಲ್ಲಿ ಈ ಸ್ವಾತಂತ್ರ್ಯ ಬಹಳ ಕಡಿಮೆ. ಅಲ್ಲಿ ತೆರೆಯ ಮೇಲಿನ ನಟರ ಉಸಿರೇ ಅಳತೆ. ಅವರ ತುಟಿ ಮುಚ್ಚಿದಾಗ ಕನ್ನಡದ ಸಾಲೂ ಮುಗಿದಿರಬೇಕು. ಸಾಕ್ಷ್ಯಚಿತ್ರದ ನಿರೂಪಣೆಯಲ್ಲಿ ಕಷ್ಟ ಇನ್ನೊಂದು ಬಗೆಯದು, ಸಾಲು ಬಿಡಿಸಿದಷ್ಟೂ ನಿಲುಗಡೆಗಳ ಸಮಯ ಸೇರಿಕೊಳ್ಳುತ್ತದೆ. ಶಿವನಸಮುದ್ರದ ನೂರ ಇಪ್ಪತ್ತೊಂದು ಅಕ್ಷರಕ್ಕೆ ಇಪ್ಪತ್ತೆರಡು ಸೆಕೆಂಡು ಹಿಡಿದರೆ, ಸಾಲುಗಳ ನಡುವಿನ ಆರು ನಿಲುಗಡೆಗೆ ಅರ್ಧರ್ಧ ಸೆಕೆಂಡಿನ ಲೆಕ್ಕದಲ್ಲಿ ಇನ್ನೂ ಮೂರು ಸೆಕೆಂಡು. ದೃಶ್ಯ ಇರುವುದು ಇಪ್ಪತ್ತೇ ಸೆಕೆಂಡಾದರೆ ವೇಗ ಹೆಚ್ಚಿಸಿ ತುರುಕಬಾರದು, ಒಂದು ಸಾಲನ್ನು ಪೂರ್ತಿ ತೆಗೆಯಬೇಕು. ಇಲ್ಲಿ ನಾನಾದರೆ ಎರಡನೆಯದನ್ನು ತೆಗೆಯುತ್ತೇನೆ. ಕಾವೇರಿ ಧುಮುಕುವುದು ತೆರೆಯ ಮೇಲೆ ಕಾಣುತ್ತಲೇ ಇದೆ, ನೀರಿನ ಸದ್ದೂ ಇದೆ. ಮೂರು ಸೆಕೆಂಡಿನ ಮಾತೂ ಅದರ ಜೊತೆಗಿನ ನಿಲುಗಡೆಯೂ ಉಳಿಯುತ್ತದೆ, ಉಳಿದ ಸಣ್ಣ ಕೊರತೆಯನ್ನು ಎಡಿಟರ್ ದೃಶ್ಯದಲ್ಲೇ ತುಂಬಿಕೊಳ್ಳುತ್ತಾರೆ.

ರೆಕಾರ್ಡಿಂಗಿಗೆ ಹೋಗುವ ಪ್ರತಿಯನ್ನು ತಯಾರಿಸುವಾಗ ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು, ಒಂದು ಉಸಿರಿಗೆ ಒಂದು ಸಾಲು ಎಂದು ಮುದ್ರಿಸಿದರೆ ಓದುವವರ ಅರ್ಧ ಕೆಲಸ ಮುಗಿಯಿತು. ಸಾಲಿನ ಕೊನೆ ಎಲ್ಲಿದೆ ಎಂದು ಕಣ್ಣಿಗೆ ಮೊದಲೇ ಕಾಣುವುದರಿಂದ ಎಷ್ಟು ಗಾಳಿ ಬೇಕೆಂದು ಎದೆ ತಾನಾಗಿ ಅಂದಾಜು ಮಾಡಿಕೊಳ್ಳುತ್ತದೆ. ವಾಕ್ಯ ಒಂದು ಹಾಳೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಾರದು. ಹಾಳೆ ಮಗುಚುವ ಸದ್ದು ಮೈಕಿಗೆ ಹೋಗುವುದಷ್ಟೇ ಅಲ್ಲ, ಕ್ರಿಯಾಪದ ಕಾಣದೆ ಓದುವವರು ದನಿಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ತೇಲಿಸುತ್ತಾರೆ.

ಟೇಕ್ ಮುಗಿದ ಮೇಲೆ ಪರೀಕ್ಷೆ ಎರಡು. ಕಂಪ್ಯೂಟರಿನ ಪರದೆಯಲ್ಲಿ ದನಿಯ ಅಲೆಯ ಚಿತ್ರ ನೋಡಿ. ಸಾಲಿನ ಬಾಲ ಸ್ವಲ್ಪ ತೆಳುವಾಗುವುದು ಸಹಜ. ಆದರೆ ಪ್ರತಿ ಸಾಲೂ ಇಲಿಯ ಬಾಲದಂತೆ ಸಪೂರವಾಗಿ ಮುಗಿದಿದ್ದರೆ ಕ್ರಿಯಾಪದಗಳು ಉಸಿರಿಲ್ಲದೆ ಹೊರಬಂದಿವೆ. ಆಮೇಲೆ ಕಣ್ಣುಮುಚ್ಚಿ ಬರೀ ಕೊನೆಯ ಪದಗಳನ್ನು ಕೇಳಿಸಿಕೊಳ್ಳಿ, ಸ್ಕ್ರಿಪ್ಟು ನೋಡದೆ. “ತ್ತದೆ”ಯೋ “ತ್ತವೆ”ಯೋ ಎಂದು ಅನುಮಾನ ಬಂದ ಸಾಲುಗಳನ್ನು ಗುರುತು ಮಾಡಿಕೊಂಡು, ಅವನ್ನು ಮತ್ತೆ ಓದಿಸುವ ಮೊದಲು ಮತ್ತೆ ಬರೆಯಬೇಕು.

ಇನ್ನು ಉಳಿಯುವುದು ಉಸಿರಿನ ಸದ್ದು. ಹೆಡ್‌ಫೋನಿನಲ್ಲಿ ಅದು ದೊಡ್ಡದಾಗಿ ಕೇಳಿಸುವುದರಿಂದ ಎಡಿಟರ್‌ಗಳು ಎಲ್ಲವನ್ನೂ ಕತ್ತರಿಸಿ ಹಾಕುವುದುಂಟು. ಹಾಗೆ ಮಾಡಿದರೆ ಮಾತಿನ ನಡುವೆ ಕಿವುಡು ಮೌನ ಬಂದು, ಮಾತಾಡುತ್ತಿರುವುದು ಮನುಷ್ಯರೇ ಹೌದೇ ಎಂಬ ಸಂಶಯ ಹುಟ್ಟುತ್ತದೆ. ಅರ್ಥದ ಕೊನೆಯಲ್ಲಿ ಬಂದ ಮೆತ್ತನೆಯ ಉಸಿರುಗಳನ್ನು ಸ್ವಲ್ಪ ತಗ್ಗಿಸಿ ಅಲ್ಲೇ ಬಿಡಬೇಕು. ತೀರಾ ಕತ್ತರಿಸಲೇಬೇಕಾದ ಕಡೆ ಆ ಜಾಗಕ್ಕೆ ಅದೇ ಕೋಣೆಯ ಖಾಲಿ ಸದ್ದನ್ನು ತುಂಬಬೇಕು. ಅದಕ್ಕಾಗಿ ರೆಕಾರ್ಡಿಂಗಿನ ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಮೈಕನ್ನು ಹಾಗೇ ಬಿಟ್ಟಿರುವುದು ಒಳ್ಳೆಯದು. ನಾಮಪದಕ್ಕೂ ಅದರ ವಿಶೇಷಣಕ್ಕೂ ನಡುವೆ ಬಿದ್ದ ಗಬಕ್ ಎಂಬ ಉಸಿರನ್ನು ಮಾತ್ರ ಯಾವ ಎಡಿಟರ್ ಕೂಡ ಸರಿಮಾಡಲಾರರು. ಸದ್ದು ಹೋದರೂ ಮಾತಿನ ಒಡಕು ಹಾಗೇ ಇರುತ್ತದೆ. ಆ ಸಾಲು ಬರೆದವರ ಮೇಜಿಗೇ ವಾಪಸು ಬರಬೇಕು.